ಕೀಲಿನಿಂದ ಅಲಗಿನತ್ತ: ಸಿಕೇಚರ್, ಲಾಪರ್ ಮತ್ತು ಬೇಲಿ ಕತ್ತರಿಯನ್ನು ಗುರುತಿಸುವ ಬಗೆ

ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ಸಲಕರಣೆಗಳ ಕೋಣೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೊಯ್ಲು ಮುಗಿದು ಗಿಡಗಸಿ, ಅಂದರೆ ಕಾಫಿ ಗಿಡದ ರೆಂಬೆ ಸವರುವ ಕೆಲಸ, ಆರಂಭವಾಗುವ ಮುನ್ನ ಕತ್ತರಿಸುವ ಉಪಕರಣಗಳನ್ನೆಲ್ಲ ಹೊರಗೆ ಹರವಿ, ತುಕ್ಕು ತೆಗೆದು, ಸಾಣೆ ಹಿಡಿಸಿ, ದಾಖಲೆ ಪುಸ್ತಕದಲ್ಲಿ ಬರೆದಿಡಬೇಕಾಗುತ್ತದೆ. ಗಿಡಗಸಿಗೆ ಸಿಕೇಚರ್, ಅದಕ್ಕೆ ಬಗ್ಗದ ದಪ್ಪ ರೆಂಬೆಗೆ ಲಾಪರ್, ಬಂಗಲೆಯ ಸುತ್ತಲಿನ ಡುರಾಂಟಾ ಬೇಲಿಗೆ ಬೇಲಿ ಕತ್ತರಿ ಎಂಬ ವಿಂಗಡಣೆ ಹೊಸ ಉಪಕರಣಗಳ ಮಟ್ಟಿಗೆ ಸುಲಭ. ಆದರೆ ಹಿಡಿ ಮುರಿದದ್ದು, ಹಿಡಿ ಬದಲಾದದ್ದು, ಮಣ್ಣು ಮತ್ತು ಮರದ ಅಂಟು ಮೆತ್ತಿ ಕಪ್ಪಾದದ್ದು ರಾಶಿಯಲ್ಲಿ ಬಿದ್ದಿರುವಾಗ ಕೆಲಸಗಾರರು ಎಲ್ಲವನ್ನೂ ‘ಕತ್ತರಿ’ ಎಂದೇ ತಂದುಕೊಡುತ್ತಾರೆ. ವಿಂಗಡಣೆ ತಪ್ಪಿದರೆ ಸಾಣೆಯೂ ತಪ್ಪುತ್ತದೆ, ಬಿಡಿಭಾಗವೂ ತಪ್ಪಾಗಿ ಬರುತ್ತದೆ. ಆದ್ದರಿಂದ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಚ್ಚಿನವರು ಮೊದಲು ನೋಡುವುದು ಉದ್ದವನ್ನು. ನಾನು ಮೊದಲು ನೋಡುವುದು ಕೀಲನ್ನು, ಅಂದರೆ ಎರಡು ಅಲಗುಗಳನ್ನು ಒಂದಕ್ಕೊಂದು ಹಿಡಿದಿಡುವ ಬೋಲ್ಟು ಇಡೀ ಉಪಕರಣದಲ್ಲಿ ಎಲ್ಲಿ ಕುಳಿತಿದೆ ಎಂಬುದನ್ನು. ಕೀಲಿನ ಮುಂದೆ ಎಷ್ಟು ಭಾಗವಿದೆ, ಹಿಂದೆ ಎಷ್ಟು ಭಾಗವಿದೆ ಎಂಬ ಪ್ರಮಾಣವು ಉಪಕರಣದ ಜಾತಿಯನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಸುಮಾರು 20 ಸೆಂಟಿಮೀಟರ್ ಉದ್ದದ ಸಿಕೇಚರಿನಲ್ಲಿ ಕೀಲಿನ ಮುಂದೆ ಆರೇಳು ಸೆಂಟಿಮೀಟರ್ ಅಲಗು ಇದ್ದರೆ ಹಿಂದೆ ಹದಿಮೂರು ಹದಿನಾಲ್ಕು ಸೆಂಟಿಮೀಟರ್ ಹಿಡಿ ಇರುತ್ತದೆ; ಹಿಡಿಯು ಅಲಗಿನ ಎರಡರಷ್ಟು. ಲಾಪರಿನಲ್ಲಿ ಅಲಗು ಅದಕ್ಕಿಂತ ತುಸು ದೊಡ್ಡದಷ್ಟೇ, ಆದರೆ ಹಿಡಿ 60 ಸೆಂಟಿಮೀಟರಿನ ಆಸುಪಾಸಿಗೆ ಹೋಗುವುದರಿಂದ ಪ್ರಮಾಣ ಆರೇಳರಷ್ಟಾಗುತ್ತದೆ. ಬೇಲಿ ಕತ್ತರಿಯಲ್ಲಿ ಮಾತ್ರ ಕೀಲು ಹೆಚ್ಚುಕಡಿಮೆ ನಡುವಿಗೆ ಬರುತ್ತದೆ: ಮುಂದೆ 20ರಿಂದ 25 ಸೆಂಟಿಮೀಟರ್ ಉದ್ದದ ಅಲಗು, ಹಿಂದೆ ಅಷ್ಟೇ ಅಥವಾ ಸ್ವಲ್ಪ ಹೆಚ್ಚು ಉದ್ದದ ಹಿಡಿ.

ಈ ಪ್ರಮಾಣ ಸುಮ್ಮನೆ ಬಂದುದಲ್ಲ. ಅಂಗೈ ಒತ್ತುವ ಜಾಗವು ಕೀಲಿನಿಂದ 60 ಸೆಂಟಿಮೀಟರ್ ದೂರದಲ್ಲಿದ್ದು, ರೆಂಬೆಯು ಕೀಲಿನಿಂದ ನಾಲ್ಕು ಸೆಂಟಿಮೀಟರ್ ದೂರದಲ್ಲಿ ಸಿಕ್ಕಿದ್ದರೆ ಕೈಯ ಬಲ ಹದಿನೈದರಷ್ಟಾಗಿ ರೆಂಬೆಯ ಮೇಲೆ ಬೀಳುತ್ತದೆ. ಹೀಗಾಗಿಯೇ ಲಾಪರ್ ಮೂರು ನಾಲ್ಕು ಸೆಂಟಿಮೀಟರ್ ದಪ್ಪದ ಹಸಿ ರೆಂಬೆಯನ್ನೂ ತುಂಡರಿಸುತ್ತದೆ. ಸಿಕೇಚರಿನಲ್ಲಿ ಇದೇ ಲೆಕ್ಕ ನಾಲ್ಕೈದರಷ್ಟಕ್ಕೆ ನಿಲ್ಲುತ್ತದೆ; ಎರಡು ಸೆಂಟಿಮೀಟರಿಗಿಂತ ದಪ್ಪವಾದುದನ್ನು ಅದರಲ್ಲಿ ಕತ್ತರಿಸಹೊರಟವರ ಮಣಿಕಟ್ಟು ಸಂಜೆಯ ಹೊತ್ತಿಗೆ ಅದನ್ನು ತಿಳಿಸುತ್ತದೆ. ಬೇಲಿ ಕತ್ತರಿಯಲ್ಲಿ ಅಲಗಿನ ನಡುಭಾಗಕ್ಕೆ ಎರಡೂವರೆಯಷ್ಟು ಬಲವೂ ದೊರೆಯುವುದು ಕಷ್ಟ. ಎಳೆಯ ಚಿಗುರುಗಳನ್ನು ಒಂದೇ ಬೀಸಿಗೆ ಸಾಲಾಗಿ ಸಮಮಾಡುವುದು ಅದರ ಕೆಲಸವಾದುದರಿಂದ ಬಲಕ್ಕಿಂತ ಅಲಗಿನ ಉದ್ದವೇ ಅಲ್ಲಿ ಮುಖ್ಯ. ಅನೇಕ ಬೇಲಿ ಕತ್ತರಿಗಳಲ್ಲಿ ಕೀಲಿಗೆ ತಾಗಿದಂತೆಯೇ ಅಲಗಿನ ಬುಡದಲ್ಲಿ ಒಂದು ಅರ್ಧಚಂದ್ರಾಕಾರದ ಕಚ್ಚು ಇರುತ್ತದೆ. ಬೇಲಿಯ ನಡುವೆ ಅಪರೂಪಕ್ಕೆ ಸಿಗುವ ದಪ್ಪ ಕಡ್ಡಿಯನ್ನು ಕೀಲಿಗೆ ಅತಿ ಸಮೀಪ ತಂದು, ಹೆಚ್ಚು ಬಲ ಸಿಗುವ ಕಡೆಯಲ್ಲಿ ಕತ್ತರಿಸಲು ಅದನ್ನು ಮಾಡಿರುತ್ತಾರೆ. ಉದ್ದನೆಯ ಅಲಗಿನ ಬುಡದಲ್ಲಿ ಈ ಕಚ್ಚು ಕಂಡರೆ ಬೇಲಿ ಕತ್ತರಿಯೆಂದು ನಾನು ಎರಡನೆಯ ಸಲ ನೋಡದೆ ಬರೆದುಕೊಳ್ಳುತ್ತೇನೆ.

ಕೀಲಿನ ನಂತರ ಅಲಗುಗಳು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಎರಡೂ ಅಲಗುಗಳು ಒಂದೇ ರೂಪದವೋ, ಬೇರೆ ಬೇರೆ ರೂಪದವೋ? ಬೇಲಿ ಕತ್ತರಿಯ ಅಲಗುಗಳು ದರ್ಜಿಯ ಕತ್ತರಿಯಂತೆ ಜೋಡಿ. ಎರಡಕ್ಕೂ ಬಾಯಿ ಇರುತ್ತದೆ, ಎರಡೂ ನೇರವಾಗಿರುತ್ತವೆ ಅಥವಾ ಎರಡಕ್ಕೂ ಅಲೆಯಂತಹ ಅಂಚು ಇರುತ್ತದೆ. ಅಲೆಯ ಅಂಚು ಕಡ್ಡಿಗಳು ಅಲಗಿನ ತುದಿಯತ್ತ ಜಾರಿಹೋಗದಂತೆ ತಡೆಹಿಡಿಯುತ್ತದೆ. ಸಿಕೇಚರ್ ಮತ್ತು ಲಾಪರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಾದರೋ ಒಂದು ಅಲಗು ಹೊರಕ್ಕೆ ಉಬ್ಬಿದ, ತೆಳ್ಳನೆಯ, ಹರಿತವಾದ ಅಲಗು. ಅದರ ಎದುರಿಗಿರುವುದು ಒಳಕ್ಕೆ ಬಾಗಿದ, ದಪ್ಪನೆಯ, ಮೊಂಡಾದ ಕೊಕ್ಕೆ. ಕೊಕ್ಕೆ ರೆಂಬೆಯನ್ನು ಹಿಡಿದು ನಿಲ್ಲಿಸುತ್ತದೆ, ಅಲಗು ಅದರ ಪಕ್ಕದಿಂದ ಉಜ್ಜಿಕೊಂಡು ಹಾದುಹೋಗುತ್ತದೆ. ಇನ್ನೊಂದು ಬಗೆಯಲ್ಲಿ ಕೊಕ್ಕೆಯ ಬದಲು ಚಪ್ಪಟೆಯಾದ ಲೋಹದ ತಟ್ಟೆಯಿದ್ದು, ಎರಡೂ ಮಗ್ಗುಲಿಗೆ ಸಾಣೆಯಿರುವ ನೇರ ಅಲಗು ಅದರ ಮೇಲೆಯೇ ಬಂದು ಕೂರುತ್ತದೆ. ಈ ತಟ್ಟೆಯ ಬಗೆ ಒಣ ಕೊಂಬೆಗೆ ಒಳ್ಳೆಯದು. ಹಸಿ ರೆಂಬೆಯನ್ನು ತುಸು ಜಜ್ಜುವುದರಿಂದ ನಾವು ಕಾಫಿ ಗಿಡಕ್ಕೆ ಅದನ್ನು ಕೊಡುವುದಿಲ್ಲ.

ಅಲಗನ್ನು ಇಷ್ಟು ಗಮನಿಸಿ ನೋಡುವುದಕ್ಕೆ ಸಾಣೆಯೇ ಕಾರಣ. ಕೊಕ್ಕೆಯಿರುವ ಉಪಕರಣದಲ್ಲಿ ಹರಿತವಾದ ಅಲಗಿನ ಹೊರ ಓರೆಗೆ ಮಾತ್ರ ಸಾಣೆ. ಚಪ್ಪಟೆಯಾದ ಒಳಮುಖದಲ್ಲಿ ಅಂಚಿಗೆ ಎದ್ದ ಸಿಬಿರನ್ನು ಉಜ್ಜಿ ತೆಗೆದರೆ ಸಾಕು. ಬೇಲಿ ಕತ್ತರಿಯೆಂದು ತಿಳಿದು ಯಾರಾದರೂ ಕೊಕ್ಕೆಯನ್ನೂ ಅರದಿಂದ ಉಜ್ಜಿ ತೆಳ್ಳಗೆ ಮಾಡಿದರೆ ಅಲಗಿಗೂ ಕೊಕ್ಕೆಗೂ ನಡುವೆ ಸಂದು ಬಿಡುತ್ತದೆ. ಆಮೇಲೆ ಆ ಸಿಕೇಚರ್ ರೆಂಬೆಯನ್ನು ಕತ್ತರಿಸುವ ಬದಲು ಅದರ ತೊಗಟೆಯನ್ನು ಸಂದಿನೊಳಗೆ ಎಳೆದುಕೊಂಡು ಸಿಪ್ಪೆ ಸುಲಿಯುತ್ತದೆ. ಬೇಲಿ ಕತ್ತರಿಗಾದರೆ ಎರಡೂ ಅಲಗುಗಳ ಹೊರ ಓರೆಗೆ ಸಾಣೆ ಬೇಕು.

ಮೂರನೆಯದು ಹಿಡಿ ಮತ್ತು ಹಿಡಿಗಳ ನಡುವಣ ಜಾಗ. ಸಿಕೇಚರ್ ಒಂದೇ ಕೈಯ ಉಪಕರಣ. ಮುಚ್ಚಿದ ಕೈಯನ್ನು ಮತ್ತೆ ತೆರೆಯುವ ಕೆಲಸವನ್ನು ಹಿಡಿಗಳ ನಡುವಿನ ಸ್ಪ್ರಿಂಗ್ ಮಾಡುತ್ತದೆ, ಜೇಬಿನಲ್ಲಿ ತೆರೆದುಕೊಳ್ಳದಂತೆ ಒಂದು ಚಿಲಕ ಇರುತ್ತದೆ. ಸ್ಪ್ರಿಂಗ್ ಹಾರಿಹೋಗಿದ್ದರೂ ಅದು ಕೂರುತ್ತಿದ್ದ ಮೊಳೆಯಂತಹ ಚಿಕ್ಕ ಉಬ್ಬುಗಳು ಎರಡೂ ಹಿಡಿಗಳ ಒಳಮುಖದಲ್ಲಿ ಎದುರುಬದುರಾಗಿ ಉಳಿದಿರುತ್ತವೆ. ಲಾಪರ್ ಎರಡು ಕೈಯ ಉಪಕರಣವಾದ್ದರಿಂದ ಸಾಮಾನ್ಯವಾಗಿ ಸ್ಪ್ರಿಂಗೂ ಇಲ್ಲ, ಚಿಲಕವೂ ಇಲ್ಲ. ಅದರ ಬದಲು ಕೀಲಿನ ಹಿಂದೆ ರಬ್ಬರಿನ ಎರಡು ತಡೆಗಳು ಇರುತ್ತವೆ. ರೆಂಬೆ ತಟ್ಟನೆ ತುಂಡಾದಾಗ ಎರಡು ಹಿಡಿಗಳು ಬೆರಳನ್ನು ಅಪ್ಪಳಿಸದಂತೆ ಅವು ಕಾಯುತ್ತವೆ. ಬೇಲಿ ಕತ್ತರಿಗೂ ಇಂಥ ತಡೆಯನ್ನು ಹಾಕುವುದುಂಟು, ಹಾಗಾಗಿ ರಬ್ಬರ್ ಒಂದನ್ನೇ ನೋಡಿ ತೀರ್ಮಾನಿಸಬಾರದು. ಬೇಲಿ ಕತ್ತರಿಯ ಹಿಡಿಯಲ್ಲಿ ನೋಡಬೇಕಾದುದು ಓರೆ: ಅಲಗಿನ ನೇರಕ್ಕೆ ಹಿಡಿ ಸಾಗದೆ, ಸ್ವಲ್ಪ ಬಾಗಿಕೊಂಡಿರುತ್ತದೆ. ಬೇಲಿಯ ನೆತ್ತಿಯ ಮೇಲೆ ಅಲಗನ್ನು ಮಲಗಿಸಿ ಕತ್ತರಿಸುವಾಗ ಬೆರಳ ಗೆಣ್ಣುಗಳು ಕಡ್ಡಿಗಳಿಗೆ ತಾಗದಿರಲಿ ಎಂಬುದು ಇದರ ಉದ್ದೇಶ.

ಇದನ್ನೆಲ್ಲ ಒಟ್ಟಿಗೆ ಬಳಸಬೇಕಾಗಿ ಬಂದ ಒಂದು ಉದಾಹರಣೆಯನ್ನು ಹೇಳುತ್ತೇನೆ. ರಾಶಿಯ ತಳದಲ್ಲಿ ಹಿಡಿಗಳಿಲ್ಲದ ಒಂದು ತಲೆ ಸಿಕ್ಕಿತು: ತುಕ್ಕು ಹಿಡಿದ ಎರಡು ಉಕ್ಕಿನ ತುಂಡುಗಳು, ನಡುವೆ ಒಂದು ಬೋಲ್ಟು, ಒಟ್ಟು ಉದ್ದ ಸಿಕೇಚರಿನಷ್ಟೇ. ಮೇಸ್ತ್ರಿ ಅದನ್ನು ಸಿಕೇಚರ್ ಎಂದೇ ಬದಿಗಿಟ್ಟಿದ್ದರು. ಹಿಡಿಯೇ ಇಲ್ಲದ ಮೇಲೆ ಪ್ರಮಾಣದ ಲೆಕ್ಕ ನಡೆಯುವುದಿಲ್ಲ. ಒಂದು ಅಲಗು ಉಬ್ಬಿ, ಇನ್ನೊಂದು ಕೊಕ್ಕೆಯಾಗಿದ್ದುದರಿಂದ ಬೇಲಿ ಕತ್ತರಿಯಲ್ಲ ಎಂಬುದು ಸ್ಪಷ್ಟವಾಯಿತು. ಉಳಿದದ್ದು ಸಿಕೇಚರೋ ಲಾಪರೋ ಎಂಬ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಕೀಲಿನ ಹಿಂದಿನ ಭಾಗದಲ್ಲಿತ್ತು. ಸಿಕೇಚರಿನ ಹಿಡಿಯು ಕೀಲು ದಾಟಿದ ಕೂಡಲೇ ಅಂಗೈಗೆ ಹೊಂದುವಂತೆ ಬಾಗಲಾರಂಭಿಸುತ್ತದೆ. ಇಲ್ಲಿ ಎರಡೂ ತುಂಡುಗಳು ಕೀಲಿನಿಂದ ನೇರವಾಗಿ, ಒಂದರಿಂದೊಂದು ದೂರ ಸರಿಯುತ್ತ ಸಾಗಿ, ಕೊನೆಯಲ್ಲಿ ಮರದ ಹಿಡಿಯೊಳಗೆ ತೂರಿಸುವ ಚೂಪಾದ ಬಾಲಗಳಾಗಿದ್ದವು. ಸ್ಪ್ರಿಂಗ್ ಕೂರುವ ಉಬ್ಬುಗಳಾಗಲಿ ಚಿಲಕದ ಗುರುತಾಗಲಿ ಇರಲಿಲ್ಲ. ತುಕ್ಕನ್ನು ಉಜ್ಜಿದಾಗ ರಬ್ಬರ್ ತಡೆಯನ್ನು ಕೂರಿಸುವ ಜಾಗ ಕಾಣಿಸಿತು. ಕೊಕ್ಕೆಯ ದಪ್ಪವೂ ಪಕ್ಕದಲ್ಲಿದ್ದ ಸಿಕೇಚರಿನ ಕೊಕ್ಕೆಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. ಲಾಪರ್ ಎಂದು ಬರೆದು, ಹೊಸ ಮರದ ಹಿಡಿ ಹಾಕಿಸಿದೆವು. ಈಗ ಅದು ಬಳಕೆಯಲ್ಲಿದೆ.

ಬೇರೆ ವಿಭಾಗದವರು ಮೊಬೈಲಿನಲ್ಲಿ ಫೋಟೊ ಕಳುಹಿಸಿ ‘ಇದಕ್ಕೆ ಬೋಲ್ಟು ಬೇಕು’ ಎಂದು ಕೇಳುವುದೂ ಇದೆ. ಫೋಟೊದಲ್ಲಿ ಅಳತೆ ತಿಳಿಯುವುದಿಲ್ಲ, ಪ್ರಮಾಣ ಮಾತ್ರ ತಿಳಿಯುತ್ತದೆ. ಅದೂ ಉಪಕರಣವನ್ನು ನೆಲದ ಮೇಲೆ ಚಪ್ಪಟೆಯಾಗಿ ಮಲಗಿಸಿ, ನೇರ ಮೇಲಿನಿಂದ ತೆಗೆದಿದ್ದರೆ. ಓರೆಯಾಗಿ ತೆಗೆದರೆ ಹತ್ತಿರದ ತುದಿ ದೊಡ್ಡದಾಗಿ, ದೂರದ ತುದಿ ಚಿಕ್ಕದಾಗಿ ಕಂಡು ಲಾಪರಿನ ಹಿಡಿ ಸಿಕೇಚರಿನದರಂತೆ ಮೋಸಮಾಡುತ್ತದೆ. ಹಿಡಿಯನ್ನು ಒಳಕ್ಕೆ ಸೇರಿಸಿ ಗಿಡ್ಡ ಮಾಡಬಹುದಾದ ಲಾಪರ್‌ಗಳೂ ಇರುವುದರಿಂದ, ಹಿಡಿಯ ನಡುವೆ ತಿರುಚುವ ಕೊರಳುಪಟ್ಟಿ ಇದೆಯೇ ಎಂದು ಹಿಗ್ಗಿಸಿ ನೋಡುತ್ತೇನೆ. ಅಲಗುಗಳನ್ನು ತೆರೆದಿಟ್ಟು ತೆಗೆದ ಫೋಟೊ ಕೇಳುವುದು ಕಡ್ಡಾಯ, ಏಕೆಂದರೆ ಮುಚ್ಚಿದ ಸ್ಥಿತಿಯಲ್ಲಿ ಕೊಕ್ಕೆಯು ಅಲಗಿನ ಹಿಂದೆ ಅಡಗಿ, ಎರಡೂ ಒಂದೇ ಅಲಗಿನಂತೆ ಕಾಣುತ್ತವೆ.

ಒಂದಕ್ಕಿಂತ ಹೆಚ್ಚು ಕೀಲು ಕಂಡರೆ ಗೊಂದಲಪಡಬೇಕಾಗಿಲ್ಲ. ಬಲವನ್ನು ಇನ್ನಷ್ಟು ಹೆಚ್ಚಿಸಲು ಕೆಲವು ಲಾಪರ್‌ಗಳಲ್ಲಿ ಎರಡನೆಯ ಸನ್ನೆಯನ್ನೋ ಹಲ್ಲಿನ ಗಾಲಿಯನ್ನೋ ಜೋಡಿಸಿರುತ್ತಾರೆ. ಆಗಲೂ ಅಲಗು ಸುತ್ತುವ ಮುಖ್ಯ ಕೀಲನ್ನೇ ಲೆಕ್ಕಕ್ಕೆ ಹಿಡಿಯಬೇಕು. ಕೀಲೇ ಕಾಣದಿದ್ದರೆ ಅದು ಯಂತ್ರದ ಬೇಲಿ ಕತ್ತರಿ. ಬ್ಯಾಟರಿ, ವಿದ್ಯುತ್ ಅಥವಾ ಪೆಟ್ರೋಲಿನಿಂದ ನಡೆಯುವ ಈ ಯಂತ್ರದಲ್ಲಿ ಹಲ್ಲುಗಳಿರುವ ಎರಡು ಉದ್ದನೆಯ ಪಟ್ಟಿಗಳು ಒಂದರ ಮೇಲೊಂದು ಹಿಂದೆ ಮುಂದೆ ಜಾರುತ್ತವೆಯೇ ಹೊರತು ಯಾವುದೂ ಒಂದು ಬಿಂದುವಿನ ಸುತ್ತ ತಿರುಗುವುದಿಲ್ಲ. ಅದರ ಎರಡು ಹಿಡಿಗಳೂ ಪಟ್ಟಿಯ ಸಾಲಿನಲ್ಲಿಯೇ ಹಿಂದೊಂದು ಮುಂದೊಂದಾಗಿ ಇರುತ್ತವೆ. ಹಲ್ಲುಗಳ ನಡುವಿನ ಸಂದು ಎಷ್ಟೋ ಅಷ್ಟು ದಪ್ಪದ ಕಡ್ಡಿಯನ್ನು ಮಾತ್ರ ಅದು ಒಳಗೆ ತೆಗೆದುಕೊಳ್ಳಬಲ್ಲದು.

ನನಗೆ ಈಗಲೂ ಹೊತ್ತು ಹಿಡಿಸುವುದು ಉದ್ದ ಕೋಲಿನ ತುದಿಗೆ ಕಟ್ಟಿ, ಹಗ್ಗದಿಂದ ಎಳೆದು ನಡೆಸುವ ಕತ್ತರಿ. ಅದರ ತಲೆಯಲ್ಲಿ ಲಾಪರಿನ ಅಲಗು ಮತ್ತು ಕೊಕ್ಕೆ ಎರಡೂ ಇವೆ, ಕೀಲೂ ಹಾಗೆಯೇ ಇದೆ, ಆದರೆ ಹಿಡಿಗಳ ಜಾಗದಲ್ಲಿ ಒಂದು ಕಡೆ ಕೋಲು, ಇನ್ನೊಂದು ಕಡೆ ಹಗ್ಗ ಕಟ್ಟುವ ತೂತಿರುವ ಗಿಡ್ಡ ಸನ್ನೆ. ಸಾಣೆಯ ಮಟ್ಟಿಗೆ ಅದನ್ನು ಲಾಪರ್‌ಗಳ ಜೊತೆಗೇ ಕಳುಹಿಸುತ್ತೇನೆ. ದಾಖಲೆ ಪುಸ್ತಕದಲ್ಲಿ ಮಾತ್ರ ಬೇರೆ ಸಾಲಿನಲ್ಲಿ ಬರೆಯುತ್ತೇನೆ, ಏಕೆಂದರೆ ಅದಕ್ಕೆ ಬೇಕಾಗುವ ಬಿಡಿಭಾಗಗಳೆಂದರೆ ಹಗ್ಗ, ರಾಟೆ ಮತ್ತು ಅಲಗನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್, ಇವು ಮೂರೂ ಮಾಮೂಲಿ ಲಾಪರಿಗೆ ಬೇಕಾಗುವುದಿಲ್ಲ.