ಪ್ರಶ್ನೆ ಮೇಲೆ ಬಂತು, ಉತ್ತರವೂ ಬಂತು

ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಮೋಟಾರ್ ಸುಟ್ಟಾಗ ವಾಟ್ಸಾಪ್ ಗ್ರೂಪಿಗೆ ಉದ್ದದ ಮೆಸೇಜ್ ಹಾಕಿದ್ದೆ. ಮೋಟಾರ್ ಕೆಟ್ಟ ಕಥೆ, ಮೆಕ್ಯಾನಿಕ್ ಹೇಳಿದ್ದು, ಟ್ಯಾಂಕರ್ ತರಿಸಲು ಕಮಿಟಿ ಒಪ್ಪಿದ್ದು, ಎಲ್ಲ ಆದಮೇಲೆ ಕೊನೆಗೆ "ಹೊಸದು ತರೋಣವೇ?" ಅಂತ. ಎರಡು ದಿನ ಬರೀ ಹೆಬ್ಬೆರಳಿನ ಚಿತ್ರಗಳು ಬಂದವು. ಒಪ್ಪಿಗೆ ಟ್ಯಾಂಕರಿಗೋ, ಮೋಟಾರಿಗೋ? ಗೊತ್ತಾಗಲಿಲ್ಲ. ಉದ್ದದ ಮೆಸೇಜನ್ನು ವಾಟ್ಸಾಪ್ ಮಡಚಿಡುತ್ತದೆ ಅಲ್ವಾ, ನನ್ನ ಪ್ರಶ್ನೆ "Read more" ಕೆಳಗೇ ಉಳಿದಿತ್ತು.

ಆಮೇಲೆ ಪ್ರತಿ ವಾಕ್ಯಕ್ಕೂ ಪ್ರಶ್ನೆ, ತೀರ್ಮಾನ, ಹಿನ್ನೆಲೆ ಎಂದು ಗುರುತು ಹಾಕಿ, ಅದೇ ಕ್ರಮದಲ್ಲಿ ಜೋಡಿಸಿದೆ:

"ಹೊಸ ಮೋಟಾರಿಗೆ ಮನೆಗೆ 1,500 ರೂಪಾಯಿ ಆಗುತ್ತದೆ. ಒಪ್ಪಿಗೆಯೇ? ಗುರುವಾರ ರಾತ್ರಿ 8ರೊಳಗೆ 'ಹೌದು' ಅಥವಾ 'ಬೇಡ' ಎಂದು ತಿಳಿಸಿ.

ತೀರ್ಮಾನವಾಗಿರುವುದು: ಬೋರ್‌ವೆಲ್ ಸರಿಯಾಗುವವರೆಗೆ ದಿನಕ್ಕೊಂದು ಟ್ಯಾಂಕರ್. ಇದಕ್ಕೆ ಉತ್ತರ ಬೇಡ.

ಹಿನ್ನೆಲೆ: ಹಳೇ ಮೋಟಾರಿಗೆ ಎರಡು ಸಲ ವೈಂಡಿಂಗ್ ಮಾಡಿಸಿಯಾಗಿದೆ."

ಸುಮ್ನೆ ಸಾಲು ಜರುಗಿಸಿದರೆ ಸಾಲದು. ಕೊನೆಯಲ್ಲಿದ್ದ "ಹೊಸದು" ಮೇಲೆ ಬಂದಾಗ ಏನು ಹೊಸದು ಅಂತ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ "ಹೊಸ ಮೋಟಾರ್" ಎಂದು ಬಿಡಿಸಿ ಬರೆದೆ. ಮೋಟಾರಿನ ಸರ್ವಿಸ್ ಕರಾರಿನ ಬಗ್ಗೆ ಇನ್ನೊಂದು ಪ್ರಶ್ನೆಯೂ ಇತ್ತು, ಅದನ್ನು ಬೇರೆ ಮೆಸೇಜಿಗೆ ಬಿಟ್ಟೆ. ಎರಡು ಪ್ರಶ್ನೆ ಒಟ್ಟಿಗಿದ್ದರೆ "ಹೌದು" ಯಾವುದಕ್ಕೆ ಅನ್ನುವ ಗೊಂದಲ ಮತ್ತೆ ಶುರುವಾಗುತ್ತದೆ.

ಗುರುವಾರ ಸಂಜೆಯೊಳಗೆ 18 ಮನೆಗಳಲ್ಲಿ 15 ಮನೆಯವರು ಉತ್ತರಿಸಿದ್ದರು.