ಎರಡು ಜಾಹೀರಾತಿನಲ್ಲಿ ಗೆದ್ದದ್ದು ಯಾವುದು? ಮೊದಲು ಆರ್ಡರ್ ಎಣಿಸಿ

ಶಿರಸಿ, ಕುಮಟಾ ಕಡೆ ಮನೆಯಲ್ಲೇ ತಿಂಡಿ, ಉಪ್ಪಿನಕಾಯಿ ಮಾಡಿ ಮಾರುವವರು ಈಗ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕುತ್ತಾರೆ. ಎರಡು ಬಗೆಯದ್ದು ಮಾಡಿ, ಯಾವುದು ಚೆನ್ನಾಗಿ ಓಡುತ್ತದೆ ಎಂದು ನೋಡುತ್ತಾರೆ. ಅಲ್ಲಿಯವರೆಗೆ ಎಲ್ಲ ಸರಿ. ಮೂರನೇ ದಿನ ಒಂದಕ್ಕೆ 9 ಆರ್ಡರ್, ಇನ್ನೊಂದಕ್ಕೆ 4 ಬಂದಿರುತ್ತದೆ. ‘ಡಬಲ್ ಬಂತು’ ಎಂದು ನಾಲ್ಕು ತಂದದ್ದನ್ನು ನಿಲ್ಲಿಸಿ, ದುಡ್ಡೆಲ್ಲ ಇನ್ನೊಂದಕ್ಕೆ ಸುರಿಯುತ್ತಾರೆ. ಇದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಒಂದೇ ಜಾಹೀರಾತನ್ನು ಎರಡು ಹೆಸರಲ್ಲಿ ಓಡಿಸಿದರೂ, ಒಟ್ಟು 13 ಆರ್ಡರ್ ಬಂದಾಗ ಸುಮಾರು ನಾಲ್ಕಕ್ಕೆ ಒಂದು ಸಲ ಇಷ್ಟು ಅಥವಾ ಇನ್ನೂ ಜಾಸ್ತಿ ಅಂತರ ಕಾಣುತ್ತದೆ!

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೊಡದೇವು ಮಾರುವವರೊಬ್ಬರ ಹತ್ತಿರ ಎರಡು ಜಾಹೀರಾತು ಇದೆ. ಹಳೆಯದರಲ್ಲಿ ಪ್ಯಾಕೆಟ್ಟಿನ ಫೋಟೊ. ಹೊಸದು ವಿಡಿಯೊ: ಬೋರಲು ಹಾಕಿದ ಮಡಕೆಯ ಮೇಲೆ ಹಿಟ್ಟು ತೆಳ್ಳಗೆ ಬಳಿದು ಎಬ್ಬಿಸುವುದು.

ಮೊದಲ ಹೆಜ್ಜೆ: ಸರಿಯಾಗಿ ಹಂಚಿ. ಎರಡನ್ನೂ ಒಂದೇ ಆ್ಯಡ್ ಸೆಟ್‌ನಲ್ಲಿ ಹಾಕಿ ಬಿಟ್ಟರೆ ಅದು ಪರೀಕ್ಷೆ ಅಲ್ಲ. ಯಾವುದೋ ಒಂದಕ್ಕೆ ಬೇಗ ಲೈಕ್, ಕ್ಲಿಕ್ ಬಂತು ಎಂದರೆ ವ್ಯವಸ್ಥೆ ಹೆಚ್ಚಿನ ಬಜೆಟ್ಟನ್ನು ಅದಕ್ಕೇ ಕೊಟ್ಟುಬಿಡುತ್ತದೆ. ಎ/ಬಿ ಟೆಸ್ಟ್ ಎಂಬ ಆಯ್ಕೆಯನ್ನೇ ಬಳಸಿ. ಅದರಲ್ಲಿ ಒಬ್ಬರಿಗೆ ಒಂದೇ ಜಾಹೀರಾತು ಕಾಣುತ್ತದೆ, ದುಡ್ಡು ಸಮನಾಗಿ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವವರು ಎರಡಕ್ಕೂ ಬೇರೆ ಬೇರೆ ಮೊದಲ ಮೆಸೇಜ್ ಬರೆದಿಡಿ. ಇಲ್ಲದಿದ್ದರೆ ಯಾವ ಆರ್ಡರ್ ಯಾವುದರಿಂದ ಬಂತು ಎಂದು ಗೊತ್ತೇ ಆಗುವುದಿಲ್ಲ.

ಎರಡನೆಯದು: ಎಷ್ಟು ಆರ್ಡರ್ ಬೇಕು ಎಂದು ಶುರುವಿಗೆ ಮುಂಚೆಯೇ ಬರೆದಿಡಿ. ಎಲ್ಲರೂ ಎಡವುವುದು ಇಲ್ಲೇ. ‘40 ಸಾವಿರ ಜನ ನೋಡಿದ್ದಾರೆ, ಸಾಲದಾ?’ ಎಂದು ಕೇಳುತ್ತಾರೆ. ನೋಡಿದವರ ಸಂಖ್ಯೆಯಿಂದ ಇದು ತೀರ್ಮಾನ ಆಗುವುದಿಲ್ಲ. ಸಾವಿರಕ್ಕೆ ಮೂರೋ ನಾಲ್ಕೋ ಜನ ಕೊಳ್ಳುವಾಗ ಲೆಕ್ಕಕ್ಕೆ ಬರುವುದು ಆರ್ಡರ್ ಸಂಖ್ಯೆ. ಜೊತೆಗೆ ಇನ್ನೊಂದು ವಿಷಯ, ನೀವು ಎಷ್ಟು ದೊಡ್ಡ ಅಂತರವನ್ನು ಹಿಡಿಯಲು ಹೊರಟಿದ್ದೀರಿ ಎನ್ನುವುದು.

ಹೊಸದು ಹಳೆಯದಕ್ಕಿಂತ 50% ಜಾಸ್ತಿ ಆರ್ಡರ್ ತಂದರೆ ಅದು ನಮ್ಮ ಕಣ್ಣಿಗೆ ಬೀಳಬೇಕು ಎಂದುಕೊಳ್ಳಿ. ಆಗ ಹಳೆಯ ಜಾಹೀರಾತಿನಿಂದ ಸುಮಾರು 80 ಆರ್ಡರ್ ಬರುವವರೆಗೆ ಎರಡನ್ನೂ ಓಡಿಸಬೇಕು. 25% ಅಂತರ ಹಿಡಿಯಲು ಸುಮಾರು 290 ಬೇಕು. 10% ಎಂದರೆ ಸುಮಾರು 1,700. ಅಂತರ ಅರ್ಧವಾದಾಗ ಬೇಕಾದ ಆರ್ಡರ್ ಎರಡು ಪಟ್ಟು ಆಗುವುದಿಲ್ಲ, ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಇಷ್ಟು ಓಡಿಸಿದರೂ, ಆ ಅಂತರ ನಿಜವಾಗಿಯೂ ಇದ್ದರೆ ಹತ್ತರಲ್ಲಿ ಎಂಟು ಸಲ ಮಾತ್ರ ಸಿಗುತ್ತದೆ. ಎರಡು ಸಲ ಕೈತಪ್ಪುತ್ತದೆ.

ಹಾಗಾಗಿ ಸಣ್ಣ ವ್ಯಾಪಾರದವರು ಬಟನ್ ಬಣ್ಣ ಹಸಿರೋ ಕೆಂಪೋ, ಅಕ್ಷರ ದಪ್ಪವೋ ತೆಳುವೋ ಎಂದು ಪರೀಕ್ಷೆ ಮಾಡುವುದನ್ನು ಬಿಟ್ಟುಬಿಡಿ. ಅಷ್ಟು ಸಣ್ಣ ವ್ಯತ್ಯಾಸ ಹಿಡಿಯುವಷ್ಟು ಆರ್ಡರ್ ವರ್ಷವಾದರೂ ಬರಲಿಕ್ಕಿಲ್ಲ. ಫೋಟೊ ಎದುರು ವಿಡಿಯೊ, ರೇಟ್ ಎದುರು ಕಥೆ, ಹೀಗೆ ಪೂರ್ತಿ ಬೇರೆಯಾಗಿರುವುದನ್ನೇ ಹೋಲಿಸಿ. ‘100 ಆರ್ಡರ್ ಆದರೆ ಸಾಕು’ ಎಂದು ಕಣ್ಣುಮುಚ್ಚಿ ಹೇಳುವ ವಿಡಿಯೊಗಳನ್ನೂ ನಂಬಬೇಡಿ. ಎಷ್ಟು ಅಂತರ ಹಿಡಿಯಬೇಕು ಎಂದು ಕೇಳದೆ ಯಾರೂ ಸಂಖ್ಯೆ ಹೇಳಲು ಆಗುವುದಿಲ್ಲ.

ಆರ್ಡರ್ ತೀರಾ ಕಡಿಮೆ ಇದ್ದರೆ ಒಂದು ದಾರಿ ಇದೆ. ಆರ್ಡರ್ ಬದಲು ರೇಟ್ ಕೇಳಿ ಬಂದ ಮೆಸೇಜ್ ಎಣಿಸಬಹುದು, ಅದು ಬೇಗ ತುಂಬುತ್ತದೆ. ಆದರೆ ಕ್ಲಿಕ್ಕಿಗೆ ಇಳಿಯಬೇಡಿ. ಮಡಕೆ ಮೇಲಿನ ವಿಡಿಯೊ ನೋಡಲು ಚೆಂದ ಎಂದು ಒತ್ತುವವರು ಬಹಳ, ಅವರೆಲ್ಲ ತೊಡದೇವು ಕೊಳ್ಳುವುದಿಲ್ಲ.

ಮೂರನೆಯದು: ಓಡಿಸಿ. ವಾರಗಳನ್ನು ಪೂರ್ತಿ ಮಾಡಿ, ನಡು ವಾರದಲ್ಲಿ ನಿಲ್ಲಿಸಬೇಡಿ. ಮಾರಿಕಾಂಬಾ ಜಾತ್ರೆ, ದೀಪಾವಳಿ ಹೊತ್ತಿನಲ್ಲಿ ಶುರು ಮಾಡಬೇಡಿ. ಆಗ ಕೊಳ್ಳುವವರೇ ಬೇರೆ.

ನಾಲ್ಕನೆಯದು: ನಡುವೆ ತೀರ್ಪು ಕೊಡಬೇಡಿ. ಎರಡು ವಾರ ಕಳೆಯಿತು. ಎರಡೂ ಜಾಹೀರಾತು ಹೆಚ್ಚುಕಡಿಮೆ 9,000 ಜನರನ್ನು ಮುಟ್ಟಿವೆ. ಫೋಟೊಗೆ 31 ಆರ್ಡರ್, ವಿಡಿಯೊಗೆ 44. ಅಂದರೆ 42% ಜಾಸ್ತಿ. ಕೈ ತುರಿಸುತ್ತದೆ, ಅಲ್ವಾ? ಲೆಕ್ಕ ಹಾಕಿ. ಎರಡರ ಆರ್ಡರ್ ಅಂತರ 13. ಒಟ್ಟು ಆರ್ಡರ್ 75, ಅದರ ವರ್ಗಮೂಲ ಸುಮಾರು 8.7, ಅದರ ಎರಡು ಪಟ್ಟು 17.3. ಅಂತರ ಇದನ್ನು ದಾಟಬೇಕಿತ್ತು, ದಾಟಿಲ್ಲ. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಹಳೆಯದರ ಆರ್ಡರ್ `A2`ನಲ್ಲಿ, ಹೊಸದರದ್ದು `B2`ನಲ್ಲಿ ಬರೆದು ಇದನ್ನು ಹಾಕಿ:

```
=(B2-A2)/SQRT(A2+B2)
```

ಉತ್ತರ 2ಕ್ಕಿಂತ ಜಾಸ್ತಿ ಬಂದರೆ ಹೊಸದು ಗೆದ್ದಿದೆ. −2ಕ್ಕಿಂತ ಕೆಳಗೆ ಹೋದರೆ ಹಳೆಯದು ಗೆದ್ದಿದೆ. ನಡುವೆ ಇದ್ದರೆ ಗೊತ್ತಿಲ್ಲ ಎಂದೇ ಅರ್ಥ. ಇಲ್ಲಿ ಬರುವುದು 1.5. ಎರಡೂ ಜಾಹೀರಾತು ಒಂದೇ ಶಕ್ತಿಯವು ಆಗಿದ್ದರೂ ಸುಮಾರು ಆರೇಳು ಸಲಕ್ಕೆ ಒಮ್ಮೆ ಇಷ್ಟು ಅಥವಾ ಇನ್ನೂ ಜಾಸ್ತಿ ಅಂತರ ಬರುತ್ತದೆ. ಒಂದು ಷರತ್ತು: ಎರಡೂ ಹೆಚ್ಚುಕಡಿಮೆ ಅಷ್ಟೇ ಜನರನ್ನು ಮುಟ್ಟಿರಬೇಕು. ಒಂದು 9,000, ಇನ್ನೊಂದು 6,000 ಆದರೆ ಈ ಲೆಕ್ಕ ನಡೆಯುವುದಿಲ್ಲ.

ಸೂತ್ರ ಕೈಗೆ ಸಿಕ್ಕಿತು ಎಂದು ದಿನಾ ಬೆಳಿಗ್ಗೆ ಹಾಕಿ ನೋಡಿ, 2 ದಾಟಿದ ದಿನ ನಿಲ್ಲಿಸಿದರೆ ಕೆಲಸ ಕೆಟ್ಟಿತು. ಕೊನೆಯಲ್ಲಿ ಒಂದೇ ಸಲ ನೋಡಿದರೆ, ಅಂತರವೇ ಇಲ್ಲದ ಕಡೆ ‘ಗೆದ್ದಿತು’ ಎಂದು ತಪ್ಪಾಗಿ ಹೇಳುವ ಸಾಧ್ಯತೆ 5%. ಐದು ಸಲ ನೋಡಿ, ದಾಟಿದಾಗ ನಿಲ್ಲಿಸುವುದಾದರೆ ಅದು 14%ಕ್ಕೆ ಏರುತ್ತದೆ, ಹತ್ತು ಸಲಕ್ಕೆ 19%. ದಿನಾ ನೋಡಲೇಬೇಕು ಎನ್ನುವವರು ಖರ್ಚು ಸರಿಯಾಗಿ ಹಂಚಿಕೆ ಆಗುತ್ತಿದೆಯಾ, ಲಿಂಕ್ ತೆರೆಯುತ್ತಿದೆಯಾ ಎಂದಷ್ಟೇ ನೋಡಿ.

ಐದನೆಯದು: ಬರೆದಿಟ್ಟ ಸಂಖ್ಯೆ ಬಂದಾಗ ಓದಿ. ಫೋಟೊದಿಂದ ಎರಡು ವಾರಕ್ಕೆ 31 ಎಂದರೆ 80 ತಲುಪಲು ಐದು ವಾರದ ಮೇಲೆ ಬೇಕು. ಆರು ವಾರ ಎಂದಿಟ್ಟುಕೊಳ್ಳಿ. ಕೊನೆಗೆ ಫೋಟೊಗೆ 85, ವಿಡಿಯೊಗೆ 119 ಬಂತು ಎನ್ನೋಣ. ಅಂತರ 34, ಒಟ್ಟು 204, ಸೂತ್ರದ ಉತ್ತರ ಸುಮಾರು 2.4. ವಿಡಿಯೊ ಗೆದ್ದಿದೆ, ಧೈರ್ಯವಾಗಿ ಹೇಳಬಹುದು.

ಆದರೆ ‘ವಿಡಿಯೊ 40% ಜಾಸ್ತಿ ತರುತ್ತದೆ’ ಎಂದು ಬರೆದಿಟ್ಟು, ಅದನ್ನೇ ನಂಬಿ ಅಕ್ಕಿ ಬೆಲ್ಲ ತರಿಸಬೇಡಿ. ಇಷ್ಟು ಆರ್ಡರ್‌ನಿಂದ ತಿಳಿಯುವುದು ನಿಜವಾದ ಹೆಚ್ಚಳ 6%ರಿಂದ 85%ರವರೆಗೆ ಎಲ್ಲಾದರೂ ಇರಬಹುದು ಎಂದು ಮಾತ್ರ. ಯಾವುದು ಮೇಲು ಎಂದು ಗೊತ್ತಾಗಿದೆ, ಎಷ್ಟು ಮೇಲು ಎಂದು ಇನ್ನೂ ಗೊತ್ತಾಗಿಲ್ಲ. ವಿಡಿಯೊವನ್ನೇ ಮುಂದುವರಿಸಿ, ಮುಂದಿನ ತಿಂಗಳ ತಯಾರಿಯನ್ನು ಮಾತ್ರ ಸದ್ಯ ಕೈಗೆ ಬರುತ್ತಿರುವ ಆರ್ಡರ್ ನೋಡಿಕೊಂಡು ಮಾಡಿ.