ಒಂದು ಸೆಲ್, ಒಂದು ಬಲ್ಬ್, ಒಂದೇ ವೈರ್

ಗದಗ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಆರನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ವಿದ್ಯುತ್ ಮಂಡಲದ ಪಾಠಕ್ಕೆ ಮೊದಲ ದಿನ ಹೋಲ್ಡರ್ ಕೊಡುವುದಿಲ್ಲ. ಹೋಲ್ಡರ್‌ನಲ್ಲಿ ಕೂತರೆ ಬಲ್ಬಿನ ಬುಡ ಕಾಣೋದಿಲ್ಲ. ಮಕ್ಕಳ ಗೊಂದಲ ಇರುವುದೇ ಆ ಬುಡದಲ್ಲಿ.

ಬೇಕಾದದ್ದು 1.5 ವೋಲ್ಟಿನ ಸೆಲ್ಲು, ಹಳೇ ನಮೂನೆಯ ಟಾರ್ಚ್ ಬಲ್ಬು, ಎರಡೂ ತುದಿ ಸುಲಿದ ಗೇಣುದ್ದ ವೈರು. ಬಲ್ಬು ಈಗ ಸಿಗೋದು ಕಷ್ಟ, ಹುಬ್ಬಳ್ಳಿಗೆ ಹೋದಾಗ ದುರ್ಗದಬೈಲ್ ಕಡೆ ಹುಡುಕಿ ತರುತ್ತೇನೆ. ಬಿಳಿ ಎಲ್‌ಇಡಿ ಇಲ್ಲಿ ನಡೆಯೋದಿಲ್ಲ. ಅದಕ್ಕೆ ಸುಮಾರು 3 ವೋಲ್ಟ್ ಬೇಕು, ತಿರುಗಿಸಿ ಹಿಡಿದರೆ ಹತ್ತುವುದೂ ಇಲ್ಲ.

ಬೋರ್ಡಿನ ಮೇಲೆ ನಾಲ್ಕು ಚಿತ್ರ ಬರೆಯುತ್ತೇನೆ. ನಾಲ್ಕರಲ್ಲೂ ಬಲ್ಬು ಸೆಲ್ಲಿನ ಪ್ಲಸ್ ತುದಿಗೆ ತಾಗಿರುತ್ತದೆ. ಒಂದನೆಯದರಲ್ಲಿ ಬುಡದ ಬೊಟ್ಟು ತಾಗಿದೆ, ವೈರೇ ಇಲ್ಲ. ಎರಡನೆಯದರಲ್ಲಿ ಮೈನಸ್‌ನಿಂದ ಬಂದ ವೈರೂ ಅದೇ ಬೊಟ್ಟಿಗೆ ಸೇರಿದೆ. ಮೂರನೆಯದರಲ್ಲಿ ವೈರು ಬಲ್ಬಿನ ಪಕ್ಕದ ಲೋಹಕ್ಕೆ ತಾಗಿದೆ. ನಾಲ್ಕನೆಯದರಲ್ಲಿ ಬಲ್ಬು ಅಡ್ಡ ಮಲಗಿದೆ: ಪಕ್ಕದ ಲೋಹ ಪ್ಲಸ್‌ಗೆ, ವೈರು ಬೊಟ್ಟಿಗೆ.

ಯಾವುದು ಹತ್ತುತ್ತದೆ, ಯಾಕೆ? ಪೆನ್ನಿನಲ್ಲೇ ಬರೆಯಬೇಕು. ಪೆನ್ಸಿಲ್ ಕೊಟ್ಟರೆ ಆಮೇಲೆ ಸುಮ್ನೆ ಅಳಿಸಿ ಸರಿ ಉತ್ತರ ಬರೆದುಬಿಡುತ್ತಾರೆ. ಬರೆದು ಮುಗಿಯುವ ತನಕ ಸೆಲ್ಲು ನನ್ನ ಮೇಜಿನ ಮೇಲೇ ಇರುತ್ತದೆ.

ಎರಡನೆಯದಕ್ಕೆ ಓಟು ಜಾಸ್ತಿ. "ಎರಡೂ ಕಡಿಂದ ಕರೆಂಟ್ ಬರ್ತೈತಲ್ರಿ ಸರ್, ಹತ್ತಲೇಬೇಕು" ಎಂದು ಒಬ್ಬ ವಾದಿಸಿದ. ನಾಲ್ಕನೆಯದಕ್ಕೆ ಯಾರೂ ಕೈ ಎತ್ತಲಿಲ್ಲ.

ಪ್ರಯೋಗಕ್ಕೆ ಮೊದಲು ಪ್ರತಿ ಬಲ್ಬನ್ನೂ ನಾನೇ ಹಚ್ಚಿ ನೋಡಿರುತ್ತೇನೆ. ಸುಟ್ಟ ಬಲ್ಬು ಒಂದು ಸೇರಿಕೊಂಡರೂ "ಇದು ಹತ್ತಲ್ಲ" ಎಂಬ ತಪ್ಪು ಊಹೆಯೇ ಗೆಲ್ಲುತ್ತದೆ. ಕಿಟಕಿಯನ್ನೂ ಮುಚ್ಚಿಸುತ್ತೇನೆ. 2.5 ವೋಲ್ಟಿನ ಬಲ್ಬು ಒಂದೇ ಸೆಲ್ಲಿಗೆ ಮಂಕಾಗಿ ಹತ್ತುತ್ತದೆ, ಬಿಸಿಲಲ್ಲಿ ಕಾಣೋದಿಲ್ಲ.

ಮೂರನೆಯದು, ನಾಲ್ಕನೆಯದು ಹತ್ತಿದವು. ಎರಡನೆಯದರಲ್ಲಿ ಬಲ್ಬು ಹತ್ತಲಿಲ್ಲ, ಹಿಡಿದವನ ಬೆರಳು ಚುರ್ರೆಂದಿತು. ಇದನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಲು ಬಿಡಬೇಡಿ, ಸೆಲ್ಲೂ ಬೇಗ ಸೊರಗುತ್ತದೆ. ಮನೆಯ ಪ್ಲಗ್ಗಿನ ಹತ್ತಿರ ಇದನ್ನೆಲ್ಲ ಮಾಡಬಾರದು ಎಂದು ಆಗಲೇ ಹೇಳಿಬಿಡುತ್ತೇನೆ.

ಈಗ "ಯಾಕೆ". ನಾನು ಉತ್ತರ ಹೇಳುವುದಿಲ್ಲ, ಭೂತಗನ್ನಡಿ ಕೊಡುತ್ತೇನೆ. ಗಾಜಿನೊಳಗೆ ಎರಡು ಕಡ್ಡಿ, ನಡುವೆ ಕೂದಲಿಗಿಂತ ಸಣ್ಣ ಎಳೆ. ಕಡ್ಡಿಗಳು ಕೆಳಗೆ ಎಲ್ಲಿ ಹೋಗುತ್ತವೆ ಎನ್ನುವುದು ಲೋಹದೊಳಗೆ ಮರೆಯಾಗಿರುತ್ತದೆ. ಊಹಿಸಿ ಚಿತ್ರ ಬರೆಯಿರಿ ಎನ್ನುತ್ತೇನೆ. ಹೆಚ್ಚಿನವರು ಎರಡನ್ನೂ ಬೊಟ್ಟಿಗೇ ಎಳೆಯುತ್ತಾರೆ. "ಹಂಗಿದ್ರ ಮೂರನೇದು ಹೆಂಗ ಹತ್ತಿತು?" ಎಂದು ಕೇಳಿದೆ. ಹಿಂದಿನ ಸಾಲಿನ ಹುಡುಗಿ ಒಂದು ಕಡ್ಡಿ ಅಳಿಸಿ ಪಕ್ಕದ ಲೋಹಕ್ಕೆ ಸೇರಿಸಿದಳು. "ಒಂದು ಬೊಟ್ಟಿಗೆ, ಒಂದು ಬದಿಗೆ ಇರಬೇಕ್ರಿ. ಎಳಿ ಒಳಗ ಹಾದು ಹೋದರಷ್ಟ ಹತ್ತತೈತಿ. ಎರಡನೇದರಾಗ ಕರೆಂಟು ಎಳಿಗೆ ಹೋಗಲೇ ಇಲ್ಲ, ವೈರಿನಾಗ ಹೊಳ್ಳಿ ಹೋತು."

ಎರಡನೆಯದಕ್ಕೆ ಓಟು ಹಾಕಿದವರು ಅವಳ ಚಿತ್ರದ ಮೇಲೆ ಬೆರಳಾಡಿಸಿ ದಾರಿ ಹುಡುಕತೊಡಗಿದರು. ಹೋಲ್ಡರ್ ಹಂಚಿದ್ದು ಮರುದಿನ.